ಎಕ್ಸೆಲ್‌ನಲ್ಲಿ ನಕಲು ಸಾಲುಗಳ ನಿವಾರಣೆ: ಉಳಿಯುವ ಸಾಲು ಯಾವುದು?

ಭೌತಶಾಸ್ತ್ರ ಪ್ರಯೋಗಶಾಲೆಯೊಂದರಲ್ಲಿ ಸ್ಕ್ರೂಗೇಜ್‌ಗಳ ಶೂನ್ಯ ದೋಷವನ್ನು ಆಗಾಗ್ಗೆ ಅಳೆದು ಎಕ್ಸೆಲ್ ಹಾಳೆಯಲ್ಲಿ ದಾಖಲಿಸುತ್ತಾರೆ ಎಂದುಕೊಳ್ಳೋಣ. ಹಳೆಯ ದಾಖಲೆಯನ್ನು ಅಳಿಸುವುದಿಲ್ಲ. ಹೊಸ ಅಳತೆಯನ್ನು ಕೆಳಗೆ ಇನ್ನೊಂದು ಸಾಲಾಗಿ ಸೇರಿಸುತ್ತಾರೆ. ಹೀಗೆ ಮೂರು ಗೇಜ್‌ಗಳಿಗೆ ಏಳು ಸಾಲುಗಳಾಗಿವೆ. A ಕಂಬದಲ್ಲಿ ಗೇಜ್‌ನ ಸಂಖ್ಯೆ, B ಕಂಬದಲ್ಲಿ ದಿನಾಂಕ, C ಕಂಬದಲ್ಲಿ ಮಿಲಿಮೀಟರ್‌ಗಳಲ್ಲಿ ಶೂನ್ಯ ದೋಷ ಇದೆ. ಮೊದಲ ಸಾಲು ಶೀರ್ಷಿಕೆಗಳದ್ದು.

```
101   19-06-2023   +0.02
102   19-06-2023    0.00
103   19-06-2023   -0.01
101   08-01-2024   +0.02
102   08-01-2024   +0.03
103   08-01-2024   -0.01
102   05-07-2024   +0.05
```

ವಿದ್ಯಾರ್ಥಿಗಳ ಮೇಜಿನ ಮೇಲಿಡಲು ಪ್ರತಿ ಗೇಜ್‌ಗೆ ಒಂದೇ ಸಾಲಿರುವ ಪಟ್ಟಿ ಬೇಕು. ಇದಕ್ಕೆ ಎಕ್ಸೆಲ್ 2007ರಿಂದ `Data` ವಿಭಾಗದಲ್ಲಿ `Remove Duplicates` ಎಂಬ ಸೌಲಭ್ಯವಿದೆ. ಅದನ್ನು ಒತ್ತಿ, ತೆರೆದ ಚೌಕದಲ್ಲಿ ಗೇಜ್ ಸಂಖ್ಯೆಯ ಕಂಬವೊಂದಕ್ಕೆ ಮಾತ್ರ ಗುರುತು ಹಾಕಿದರೆ ನಾಲ್ಕು ಸಾಲುಗಳು ಅಳಿದು ಮೂರು ಉಳಿಯುತ್ತವೆ. ಎಷ್ಟು ಅಳಿದವು, ಎಷ್ಟು ಉಳಿದವು ಎಂದು ಎಕ್ಸೆಲ್ ತಿಳಿಸುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಉಳಿದವು 2023ರ ಜೂನ್ ತಿಂಗಳ ಮೂರು ಸಾಲುಗಳು, ಅಂದರೆ ಎಲ್ಲಕ್ಕಿಂತ ಹಳೆಯವು.

ಕಾರಣ ಸರಳವಾಗಿದೆ. ಎಕ್ಸೆಲ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಗುರುತು ಹಾಕಿದ ಕಂಬದಲ್ಲಿ ಒಂದು ಬೆಲೆಯನ್ನು ಮೊದಲ ಬಾರಿ ಕಂಡಾಗ ಆ ಸಾಲನ್ನು ಉಳಿಸಿಕೊಳ್ಳುತ್ತದೆ. ಅದೇ ಬೆಲೆ ಮತ್ತೆ ಬಂದರೆ ಆ ಸಾಲನ್ನು ತೆಗೆದುಹಾಕುತ್ತದೆ. ದಿನಾಂಕದ ಕಂಬಕ್ಕೆ ಗುರುತಿಲ್ಲವಾದ್ದರಿಂದ ಅದನ್ನು ನೋಡುವುದೇ ಇಲ್ಲ. ಹಾಗೆಂದು ಅದಕ್ಕೂ ಗುರುತು ಹಾಕಿದರೆ, ಸಂಖ್ಯೆ ಮತ್ತು ದಿನಾಂಕ ಎರಡೂ ಒಂದೇ ಆಗಿರುವ ಸಾಲುಗಳನ್ನು ಮಾತ್ರ ನಕಲು ಎಂದು ಪರಿಗಣಿಸುತ್ತದೆ. ಆಗ ನಮ್ಮ ಪಟ್ಟಿಯಲ್ಲಿ ಒಂದು ಸಾಲೂ ಅಳಿಯುವುದಿಲ್ಲ. ‘ಇತ್ತೀಚಿನದನ್ನು ಉಳಿಸು’ ಎಂದು ಹೇಳಲು ಆ ಚೌಕದಲ್ಲಿ ಅವಕಾಶವೇ ಇಲ್ಲ. ಅದನ್ನು ಸಾಲುಗಳ ಕ್ರಮದ ಮೂಲಕವೇ ಹೇಳಬೇಕು.

ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಉಳಿದ ಪಟ್ಟಿಯಲ್ಲಿ 101 ಮತ್ತು 103ನೆಯ ಗೇಜ್‌ಗಳ ಶೂನ್ಯ ದೋಷ ಸರಿಯಾಗಿಯೇ ಇದೆ, ಏಕೆಂದರೆ ಅವು ಬದಲಾಗಿರಲಿಲ್ಲ. ತಪ್ಪಿರುವುದು 102ರಲ್ಲಿ ಮಾತ್ರ. ಅಂದರೆ, ಯಾವ ಉಪಕರಣ ಬದಲಾಗಿದೆಯೋ, ಯಾವುದಕ್ಕಾಗಿ ಮರುಪರೀಕ್ಷೆ ನಡೆಸಿದೆವೋ, ಅಲ್ಲಿಯೇ ತಪ್ಪು ಕುಳಿತಿರುತ್ತದೆ. ಅಲ್ಲೊಂದು ಇಲ್ಲೊಂದು ಸಾಲನ್ನು ಹೋಲಿಸಿ ನೋಡುವವರಿಗೆ ಎಲ್ಲವೂ ಸರಿಯೆಂದೇ ತೋರಬಹುದು.

ಪರಿಣಾಮ ಎಷ್ಟು ದೊಡ್ಡದು? ತಿರುಚು ಲೋಲಕದಿಂದ ತಂತಿಯ ದೃಢತಾ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗವನ್ನು ತೆಗೆದುಕೊಳ್ಳೋಣ. 102ನೆಯ ಗೇಜ್‌ನಲ್ಲಿ ಉಕ್ಕಿನ ತಂತಿಯ ವ್ಯಾಸ 0.55 ಮಿ.ಮೀ. ಎಂದು ಕಂಡಿತು. ಶೂನ್ಯ ದೋಷ +0.05 ಮಿ.ಮೀ. ಕಳೆದರೆ ನಿಜವಾದ ವ್ಯಾಸ 0.50 ಮಿ.ಮೀ. ಹಳೆಯ ಸಾಲನ್ನು ನಂಬಿದ ವಿದ್ಯಾರ್ಥಿ ಏನನ್ನೂ ಕಳೆಯದೆ 0.55 ಎಂದೇ ತೆಗೆದುಕೊಳ್ಳುತ್ತಾನೆ. ವ್ಯಾಸದಲ್ಲಿ ಶೇಕಡ 10ರಷ್ಟು ಹೆಚ್ಚಳವಾಯಿತು. ಆದರೆ ಸೂತ್ರದಲ್ಲಿ ತ್ರಿಜ್ಯದ ನಾಲ್ಕನೆಯ ಘಾತ ಛೇದದಲ್ಲಿದೆ. 1.1ರ ನಾಲ್ಕನೆಯ ಘಾತ 1.46. ಹೀಗಾಗಿ ಸುಮಾರು 80 ಗಿಗಾಪ್ಯಾಸ್ಕಲ್ ಬರಬೇಕಾದ ಉತ್ತರ ಸುಮಾರು 55ಕ್ಕೆ ಇಳಿಯುತ್ತದೆ. ವಿದ್ಯಾರ್ಥಿ ಆಂದೋಲನಗಳನ್ನು ಎಷ್ಟು ಬಾರಿ ಎಣಿಸಿದರೂ ಈ ದೋಷ ಹೋಗದು.

ಸರಿಯಾದ ಕ್ರಮ ಹೀಗಿದೆ. ಮೊದಲು ಇಡೀ ಹಾಳೆಯ ಪ್ರತಿಯೊಂದನ್ನು ಮಾಡಿ `Original` ಎಂಬ ಹೆಸರಿನಲ್ಲಿ ಹಾಗೆಯೇ ಇಟ್ಟುಕೊಳ್ಳಬೇಕು. ಅಳಿಸಿದ ಸಾಲುಗಳು ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಮರಳಿ ದೊರೆಯುವುದಿಲ್ಲ. ನಂತರ ಕೆಲಸದ ಹಾಳೆಯಲ್ಲಿ, ಪಟ್ಟಿಯೊಳಗಿನ ಯಾವುದಾದರೂ ಒಂದು ಕೋಶವನ್ನು ಮಾತ್ರ ಆರಿಸಿ `Data` ವಿಭಾಗದ `Sort` ಒತ್ತಬೇಕು. ಒಂದೇ ಕೋಶ ಆರಿಸಿದಾಗ ಸಾಲುಗಳು ಒಡೆಯದೆ ಇಡೀ ಪಟ್ಟಿ ಒಟ್ಟಾಗಿ ಚಲಿಸುತ್ತದೆ. `Sort by` ಎಂಬಲ್ಲಿ ದಿನಾಂಕದ ಕಂಬವನ್ನೂ `Order` ಎಂಬಲ್ಲಿ `Newest to Oldest` ಎಂಬುದನ್ನೂ ಆರಿಸಬೇಕು. ಈಗ 05-07-2024ರ ಸಾಲು ಎಲ್ಲಕ್ಕಿಂತ ಮೇಲೆ ಬರುತ್ತದೆ. ಆಮೇಲೆ ಗೇಜ್ ಸಂಖ್ಯೆಗೆ ಮಾತ್ರ ಗುರುತು ಹಾಕಿ `Remove Duplicates` ನಡೆಸಿದರೆ 102ಕ್ಕೆ +0.05 ಉಳಿಯುತ್ತದೆ. ಒಂದೇ ದಿನ ಒಂದು ಗೇಜನ್ನು ಎರಡು ಬಾರಿ ಅಳೆದಿದ್ದರೆ ದಿನಾಂಕದಿಂದ ಅವುಗಳನ್ನು ಬೇರ್ಪಡಿಸಲು ಆಗದು. ಅಂಥಲ್ಲಿ ವೇಳೆಯನ್ನೂ ದಾಖಲಿಸಿ, `Add Level` ಒತ್ತಿ ಅದನ್ನು ಎರಡನೆಯ ಹಂತವಾಗಿ ಸೇರಿಸಬೇಕು.

ಇಷ್ಟಾದರೂ ಒಂದು ತೊಡಕು ಉಳಿದಿದೆ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ನಾವು ದಿನ-ತಿಂಗಳು-ವರ್ಷ ಎಂದು ಬರೆಯುತ್ತೇವೆ. ಗಣಕದ ವ್ಯವಸ್ಥೆ ಅಮೆರಿಕದ ತಿಂಗಳು-ದಿನ-ವರ್ಷ ಎಂಬ ಪದ್ಧತಿಯಲ್ಲಿದ್ದರೆ 19-06-2023 ಎಂಬುದು ಅರ್ಥವಾಗುವುದಿಲ್ಲ, ಏಕೆಂದರೆ ಹತ್ತೊಂಬತ್ತನೆಯ ತಿಂಗಳಿಲ್ಲ. ಅದು ಬರಿಯ ಪಠ್ಯವಾಗಿ ಉಳಿಯುತ್ತದೆ. 08-01-2024 ಆಗಸ್ಟ್ 1 ಆಗುತ್ತದೆ, 05-07-2024 ಮೇ 7 ಆಗುತ್ತದೆ. ಇಳಿಕೆ ಕ್ರಮದಲ್ಲಿ ಜೋಡಿಸುವಾಗ ಎಕ್ಸೆಲ್ ಪಠ್ಯವನ್ನು ಸಂಖ್ಯೆಗಳಿಗಿಂತ ಮೇಲೆ ಇಡುತ್ತದೆ. ಆದ್ದರಿಂದ ಜೋಡಿಸಿದ ಮೇಲೂ 2023ರ ಸಾಲುಗಳೇ ಮೇಲಿರುತ್ತವೆ, ಹಳೆಯ ತಪ್ಪು ಮತ್ತೆ ಆಗುತ್ತದೆ.

ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ದಿನಾಂಕದ ಕಂಬವನ್ನು ಆರಿಸಿ `Format Cells` ಚೌಕದ `Custom` ಎಂಬಲ್ಲಿ `dd-mmm-yyyy` ಎಂದು ಕೊಡಬೇಕು. ನಿಜವಾದ ದಿನಾಂಕಗಳು ತಿಂಗಳ ಹೆಸರಿನೊಂದಿಗೆ ಕಾಣುತ್ತವೆ. ಪಠ್ಯವಾಗಿರುವವು ಕದಲದೆ 19-06-2023 ಎಂದೇ ನಿಲ್ಲುತ್ತವೆ. ಜನವರಿಯ ಅಳತೆಯ ಎದುರು ಆಗಸ್ಟ್ ಕಂಡರೆ ದಿನವೂ ತಿಂಗಳೂ ಅದಲುಬದಲಾಗಿವೆ ಎಂದು ತಿಳಿಯಬೇಕು. ಆಗ ಗಣಕದ ದಿನಾಂಕ ಪದ್ಧತಿಯನ್ನು `English (India)` ಎಂದು ಬದಲಿಸಿ, ದಿನಾಂಕಗಳನ್ನು ಮೂಲ ದಾಖಲೆಯಿಂದ ಮತ್ತೊಮ್ಮೆ ತುಂಬುವುದೇ ಸುರಕ್ಷಿತ.

ಕೊನೆಯದಾಗಿ, ಉಳಿದ ಸಾಲು ಇತ್ತೀಚಿನದೇ ಎಂಬುದನ್ನು ಎಕ್ಸೆಲ್‌ನಿಂದಲೇ ಪರೀಕ್ಷಿಸಬಹುದು. ನಕಲು ತೆಗೆದ ಹಾಳೆಯ D2 ಕೋಶದಲ್ಲಿ ಈ ಸೂತ್ರ ಬರೆದು ಕೆಳಗೆ ಎಳೆಯಬೇಕು:

```
=COUNTIFS(Original!A$2:A$8,A2,Original!B$2:B$8,">"&B2)
```

ಇದೇ ಗೇಜ್‌ಗೆ ಇದಕ್ಕಿಂತ ನಂತರದ ದಿನಾಂಕದ ಸಾಲುಗಳು ಮೂಲದಲ್ಲಿ ಎಷ್ಟಿವೆ ಎಂದು ಅದು ಎಣಿಸುತ್ತದೆ. ಎಲ್ಲೆಡೆ 0 ಬಂದರೆ ಪಟ್ಟಿ ಸರಿ. ಜೋಡಿಸದೆ ಅಳಿಸಿದ ನಮ್ಮ ಮೊದಲ ಪಟ್ಟಿಯಲ್ಲಿ 101ಕ್ಕೆ 1, 102ಕ್ಕೆ 2, 103ಕ್ಕೆ 1 ಬರುತ್ತದೆ. ಎರಡೂ ಹಾಳೆಗಳಲ್ಲಿ ದಿನಾಂಕಗಳು ನಿಜವಾದ ದಿನಾಂಕಗಳಾಗಿದ್ದರೆ ಮಾತ್ರ ಈ ಎಣಿಕೆಯನ್ನು ನಂಬಬಹುದು. ಆದ್ದರಿಂದ ತಿಂಗಳ ಹೆಸರಿನ ಪರೀಕ್ಷೆಯನ್ನು `Original` ಹಾಳೆಯ ಮೇಲೂ ಮಾಡಿದ ನಂತರವೇ ಈ ಸೂತ್ರಕ್ಕೆ ಬರಬೇಕು.