ಜಿಗಿಯುವ ಮನೆಯನ್ನು ಆರಿಸದೆಯೇ ಜಿಗಿತ ಎಣಿಸುವುದು

ಒಂಬತ್ತು ಮನೆಗಳ ಒಂದು ಸಾಲು. ಮನೆಗಳಲ್ಲಿ ಕ್ರಮವಾಗಿ 3, 1, 5, 1, 1, 3, 1, 0, 1 ಎಂಬ ಅಂಕಿಗಳಿವೆ. ನೀವು ನಿಂತ ಮನೆಯ ಅಂಕಿ 3 ಎಂದಿದ್ದರೆ ಮುಂದಕ್ಕೆ ಒಂದು, ಎರಡು ಅಥವಾ ಮೂರು ಮನೆ ಜಿಗಿಯಬಹುದು. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಮೊದಲ ಮನೆಯಿಂದ ಹೊರಟು ಕೊನೆಯ ಮನೆ ತಲುಪಲು ಕನಿಷ್ಠ ಎಷ್ಟು ಜಿಗಿತ ಬೇಕು? ಪ್ರೋಗ್ರಾಮಿಂಗ್ ಕಲಿಯುವವರು ಲೀಟ್‌ಕೋಡ್ ಎಂಬ ತಾಣದಲ್ಲಿ 45ನೇ ಸಮಸ್ಯೆಯಾಗಿ ಬಿಡಿಸುವುದು ಇದನ್ನೇ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುವುದರಿಂದ ಮೊದಲ ಮನೆಗೆ 0, ಕೊನೆಯದಕ್ಕೆ 8 ಎಂದು ಸಂಖ್ಯೆ ಕೊಡೋಣ.

ಸಿಕ್ಕಷ್ಟು ದೂರ ಜಿಗಿಯೋಣ ಎಂಬುದು ಮೊದಲು ಹೊಳೆಯುವ ಉಪಾಯ. 0ರಿಂದ 3ಕ್ಕೆ ಹೋದೆವು. ಅಲ್ಲಿರುವ ಅಂಕಿ ಬರೀ 1. ಹಾಗಾಗಿ 4ಕ್ಕೆ, ಮತ್ತೆ 5ಕ್ಕೆ, ಅಲ್ಲಿಂದ 8ಕ್ಕೆ. ಒಟ್ಟು ನಾಲ್ಕು ಜಿಗಿತ. ಆದರೆ ಮೊದಲೇ 2ನೇ ಮನೆಗೆ ಹೋಗಿದ್ದರೆ ಅಲ್ಲಿಂದ ನೇರವಾಗಿ 5ಕ್ಕೆ, 5ರಿಂದ 8ಕ್ಕೆ ಮೂರೇ ಜಿಗಿತದಲ್ಲಿ ಮುಗಿಯುತ್ತಿತ್ತು. ಈ ದಾರಿಯಲ್ಲೂ ಒಂದು ಅಪಾಯವಿದೆ: 2ರಲ್ಲಿ ನಿಂತವರು ಪೂರ್ತಿ ಐದು ಮನೆ ಜಿಗಿದರೆ 7ಕ್ಕೆ ಬೀಳುತ್ತಾರೆ. ಅಲ್ಲಿರುವುದು ಸೊನ್ನೆ, ಮುಂದೆ ದಾರಿಯೇ ಇಲ್ಲ.

ಹಾಗಾದರೆ ಯಾವ ಮನೆಗೆ ಜಿಗಿಯಬೇಕೆಂದು ಮುಂಚೆಯೇ ತಿಳಿಯುವುದು ಹೇಗೆ? ತಿಳಿಯಬೇಕಾಗಿಯೇ ಇಲ್ಲ. ಈ ಲೆಕ್ಕದಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಇದೇ. ಎಲ್ಲಿಗೆ ಜಿಗಿಯಬೇಕು ಎಂಬ ಪ್ರಶ್ನೆಯನ್ನು ಬಿಟ್ಟು, ಇಷ್ಟು ಜಿಗಿತದಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂದು ಕೇಳಿದರೆ ಸಾಕು.

ಒಂದು ಜಿಗಿತದಲ್ಲಿ 1, 2, 3 ಈ ಮೂರು ಮನೆಗಳು ಸಿಗುತ್ತವೆ. ಈಗ ಈ ಮೂರರಲ್ಲಿ ಪ್ರತಿಯೊಂದರಿಂದ ಎಲ್ಲಿಯವರೆಗೆ ಹೋಗಬಹುದು ಎಂದು ನೋಡೋಣ. 1ರಿಂದ 2ರವರೆಗೆ, 2ರಿಂದ 7ರವರೆಗೆ, 3ರಿಂದ 4ರವರೆಗೆ. ಇವುಗಳಲ್ಲಿ ದೂರದ್ದು 7. ಆದ್ದರಿಂದ ಎರಡನೇ ಜಿಗಿತದ ವ್ಯಾಪ್ತಿ 4ರಿಂದ 7. ಆ ನಾಲ್ಕು ಮನೆಗಳನ್ನೂ ಹಾಗೆಯೇ ನೋಡಿದರೆ 5ನೇ ಮನೆ ನಮ್ಮನ್ನು 8ರವರೆಗೆ ಒಯ್ಯುತ್ತದೆ. ಹಾಗಾಗಿ 8 ಇರುವುದು ಮೂರನೇ ವ್ಯಾಪ್ತಿಯಲ್ಲಿ, ಉತ್ತರ 3. 7ರ ಸೊನ್ನೆ ಯಾರನ್ನೂ ಸಿಕ್ಕಿಸಲಿಲ್ಲ, ಏಕೆಂದರೆ ನಾವು ಯಾವ ಮನೆಯಲ್ಲೂ ನಿಲ್ಲಲೇ ಇಲ್ಲ.

ಇಲ್ಲಿ ಹೋಲಿಸಬೇಕಾದದ್ದು ಮನೆಯ ಅಂಕಿಯನ್ನಲ್ಲ, ಮನೆಯ ಸಂಖ್ಯೆ ಮತ್ತು ಅಂಕಿಯ ಮೊತ್ತವನ್ನು. 1ನೇ ಮನೆಯಲ್ಲಿ 4 ಇದ್ದರೆ ಅದು 5ರವರೆಗೆ ಮುಟ್ಟುತ್ತದೆ. 3ನೇ ಮನೆಯಲ್ಲಿ 3 ಇದ್ದರೂ 6ರವರೆಗೆ ಮುಟ್ಟುತ್ತದೆ.

ಪೈಥಾನ್‌ನಲ್ಲಿ ಇದನ್ನು ಹೀಗೆ ಬರೆಯಬಹುದು:

```python
def jump(a):
    jumps = end = far = 0
    for i in range(len(a) - 1):
        far = max(far, i + a[i])
        if i == end:
            if far == i:
                return -1
            jumps += 1
            end = far
    return jumps
```

`end` ಎಂದರೆ ಈಗಿನ ವ್ಯಾಪ್ತಿಯ ಕೊನೆ. `far` ಎಂದರೆ ಈವರೆಗೆ ಕಂಡ ಅತಿ ದೂರದ ಮನೆ. ವ್ಯಾಪ್ತಿ ಮುಗಿದಾಗ ಒಂದು ಜಿಗಿತ ಎಣಿಸಿ, `far` ಅನ್ನೇ ಹೊಸ ಗಡಿ ಮಾಡಿಕೊಳ್ಳುತ್ತೇವೆ. ಗಡಿಗೆ ಬಂದಾಗಲೂ `far` ಅಲ್ಲೇ ನಿಂತಿದ್ದರೆ ಮುಂದೆ ದಾರಿಯಿಲ್ಲ ಎಂದರ್ಥ. ಆಗ ಉತ್ತರ -1.

ಎಡವುವುದು ಹೆಚ್ಚಾಗಿ `len(a) - 1` ಎಂಬಲ್ಲಿ. ಕೊನೆಯ ಮನೆಯನ್ನು ನೋಡುವ ಅಗತ್ಯವಿಲ್ಲ, ಏಕೆಂದರೆ ಅಲ್ಲಿಂದ ಜಿಗಿಯುವುದಿಲ್ಲ. ಆ -1 ಬಿಟ್ಟುಹೋದರೆ ನಮ್ಮ ಸಾಲಿನಲ್ಲಿ ಮೂರನೇ ವ್ಯಾಪ್ತಿಯ ಗಡಿ 8ರಲ್ಲೇ ಇರುವುದರಿಂದ ಇನ್ನೊಂದು ಜಿಗಿತ ಸುಮ್ಮನೆ ಸೇರಿ 4 ಎಂದು ಬರುತ್ತದೆ. ಒಂದೇ ಮನೆಯ ಸಾಲನ್ನು ಕೊಟ್ಟು ನೋಡಿದರೆ ಈ ತಪ್ಪು ತಕ್ಷಣ ಬಯಲಾಗುತ್ತದೆ: ಉತ್ತರ 0 ಬರಬೇಕು.

ಪ್ರತಿ ಮನೆಯನ್ನು ಒಂದೇ ಸಲ ನೋಡುವುದರಿಂದ ಹತ್ತು ಸಾವಿರ ಮನೆಗಳಿದ್ದರೂ ಹತ್ತು ಸಾವಿರ ಹೆಜ್ಜೆಯಷ್ಟೇ ಕೆಲಸ. ಪ್ರತಿ ಮನೆಗೂ ಹಿಂದಿನ ಎಲ್ಲ ಮನೆಗಳನ್ನು ಹೋಲಿಸುತ್ತ ಹೋಗುವ ವಿಧಾನದಲ್ಲಿ ಅದು ಸುಮಾರು 5 ಕೋಟಿ ಹೋಲಿಕೆಗೆ ಏರಬಹುದು.

ಇಷ್ಟು ಸುಲಭವಾಗಲು ಕಾರಣ ‘ಹೆಚ್ಚೆಂದರೆ’ ಎಂಬ ನಿಯಮ. ಕಡಿಮೆಯೂ ಜಿಗಿಯಬಹುದಾದ್ದರಿಂದ ದೂರದ ಮನೆಯೊಂದು ಸಿಕ್ಕರೆ ಅದಕ್ಕಿಂತ ಹಿಂದಿನವೂ ಸಿಕ್ಕೇ ಸಿಗುತ್ತವೆ. ವ್ಯಾಪ್ತಿಯಲ್ಲಿ ತೂತು ಬೀಳುವುದಿಲ್ಲ. ಅದಕ್ಕೇ ಗಡಿಯೊಂದನ್ನು ನೆನಪಿಟ್ಟರೆ ಸಾಕಾಗುತ್ತದೆ. ನಿಯಮವನ್ನು ‘ಸರಿಯಾಗಿ ಅಷ್ಟೇ ಮನೆ ಜಿಗಿಯಬೇಕು’ ಎಂದು ಬದಲಿಸಿ ನೋಡಿ: ನಮ್ಮ ಸಾಲಿನಲ್ಲಿ 0, 3, 4, 5, 8 ಎಂಬ ಒಂದೇ ದಾರಿ ಉಳಿಯುತ್ತದೆ, ಅದು ನಾಲ್ಕು ಜಿಗಿತದ್ದು. ಮೇಲಿನ ಕೋಡ್ ಮಾತ್ರ ಆಗಲೂ 3 ಎಂದೇ ಹೇಳುತ್ತದೆ. ಒಂದೊಂದು ಮನೆಯಲ್ಲಿ ಕಾಲಿಡಲು ಬೇರೆ ಬೇರೆ ಶುಲ್ಕವಿದ್ದು, ಕಡಿಮೆ ಖರ್ಚಿನ ದಾರಿ ಬೇಕೆಂದಾಗಲೂ ಗಡಿಯೊಂದರಿಂದ ಕೆಲಸವಾಗದು. ಆಗ ಪ್ರತಿ ಮನೆಗೂ ತಲುಪುವ ಕನಿಷ್ಠ ಖರ್ಚನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಂಡೇ ಮುಂದುವರಿಯಬೇಕು.