ಪ್ರಾರ್ಥನೆ ಮೈದಾನದಲ್ಲಿ ಐದು ನಿಮಿಷದ ವಾರ್ತೆ

ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ನಡೆಸಿಕೊಡುವ ಅಣಕು ವಾರ್ತೆ ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಆಂಕರ್ ಆದ ಹುಡುಗಿ ಇಡೀ ಸುದ್ದಿ ಹೇಳಿ ಮುಗಿಸುತ್ತಾಳೆ. ಆಮೇಲೆ ವರದಿಗಾರ ಬಂದು ಅದನ್ನೇ ಇನ್ನೊಮ್ಮೆ ಒಪ್ಪಿಸುತ್ತಾನೆ. ಅಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು ಮಾತಿಗಿಳಿದಿರುತ್ತಾರೆ. ಆಂಕರ್ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತೀರ್ಮಾನವಾದರೆ ಸ್ಕ್ರಿಪ್ಟಿನ ಅರ್ಧ ಕೆಲಸ ಮುಗಿದಂತೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಾಲೆಯಲ್ಲಿ ಕೈ ತೊಳೆಯಲು ಆರು ನಲ್ಲಿಗಳಿವೆ, ಎರಡು ಕೆಟ್ಟಿವೆ. ಬಿಸಿಯೂಟಕ್ಕೆ ಮುಂಚೆ ಉದ್ದನೆಯ ಸಾಲು. ಇದನ್ನು ಬರೆಯಲು ಕೂತ ಮಕ್ಕಳು ಪತ್ರಿಕೆ ಓದಿದ ಅಭ್ಯಾಸಬಲದಿಂದ ಹೀಗೆ ಬರೆಯುತ್ತಾರೆ: ‘ದಾನಿಗಳ ನೆರವಿನಿಂದ ಶಾಲೆಯ ಹಿಂಭಾಗದಲ್ಲಿ ನಿರ್ಮಿಸಲಾದ ಆರು ನಲ್ಲಿಗಳ ಪೈಕಿ ಎರಡು ಕೆಟ್ಟಿರುವ ಹಿನ್ನೆಲೆಯಲ್ಲಿ ವಿದ್ಯಾರ್ಥಿಗಳು ಪರದಾಡುವಂತಾಗಿದೆ.’ ಕಣ್ಣಿಗೆ ಇದು ಸಾಗುತ್ತದೆ, ಕಿವಿಗೆ ಸಾಗುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಏನಾಯಿತೆಂದು ತಿಳಿಯಲು ಕೇಳುಗ ಇಡೀ ವಾಕ್ಯ ಹೊತ್ತುಕೊಂಡು ಕಾಯಬೇಕು. ಓದುವ ಮಗುವಿಗೂ ನಡುವೆಯೇ ಉಸಿರು ಕಟ್ಟುತ್ತದೆ. ವಾಕ್ಯವನ್ನು ಒಡೆಯಿರಿ.

ಆಂಕರ್: ‘ನಮ್ಮ ಶಾಲೆಯ ಆರು ನಲ್ಲಿಗಳಲ್ಲಿ ಎರಡು ಕೆಟ್ಟಿವೆ. ಊಟದ ಹೊತ್ತಿಗೆ ಅಲ್ಲಿ ದೊಡ್ಡ ಸಾಲು. ನಮ್ಮ ವರದಿಗಾರ ನಲ್ಲಿಕಟ್ಟೆಯ ಬಳಿಯೇ ಇದ್ದಾರೆ. ಎಷ್ಟು ಹೊತ್ತು ಕಾಯಬೇಕಾಗುತ್ತೆ, ಹೇಳಿ.’

ಇಲ್ಲಿಗೆ ಆಂಕರ್ ಬಾಯಿ ಮುಚ್ಚಬೇಕು. ಸಮಸ್ಯೆ ಏನೆಂದು ಆಕೆ ಹೇಳಿದ್ದಾಳೆ, ಸ್ಥಳಕ್ಕೆ ಹೋಗದೆ ಗೊತ್ತಾಗದ ಸಂಗತಿಯನ್ನು ವರದಿಗಾರನಿಗೆ ಬಿಟ್ಟಿದ್ದಾಳೆ.

ವರದಿಗಾರ: ‘ನಿನ್ನೆ ಊಟದ ಗಂಟೆ ಹೊಡೆದಾಗ ಇಲ್ಲಿ ನಲವತ್ತೆರಡು ಮಕ್ಕಳು ನಿಂತಿದ್ದರು. ಕೊನೆಯ ಮಗುವಿನ ಸರದಿ ಬರಲು ಏಳು ನಿಮಿಷ ಹಿಡಿಯಿತು. ಕೊನೆಗೆ ಉಳಿದವರು ನಾಲ್ಕನೇ ತರಗತಿಯವರು. ಅವರಲ್ಲೊಬ್ಬರು ನಮ್ಮ ಜೊತೆಗಿದ್ದಾರೆ.’

ಈ ಅಂಕಿಗಳನ್ನು ಊಹಿಸಿ ಬರೆಯಬಾರದು. ಹಿಂದಿನ ದಿನ ವರದಿಗಾರ ಗಡಿಯಾರ ಹಿಡಿದು ಅಲ್ಲಿ ನಿಂತು ಎಣಿಸಲೇಬೇಕು. ವಾರ್ತೆ ಅಣಕಾದರೂ ಸುದ್ದಿ ನಿಜವಿರಲಿ. ‘ನಾಳೆ ಶಾಲೆಗೆ ರಜೆ’ ಎಂದು ತಮಾಷೆಗೆ ಓದಿದರೂ ಒಂದನೇ ತರಗತಿಯ ಮಗು ಅದನ್ನು ನಂಬಿ ಮನೆಯಲ್ಲಿ ಹೇಳುತ್ತದೆ. ಅಂಕಿಗಳನ್ನು ಸ್ಕ್ರಿಪ್ಟಿನಲ್ಲಿ ಅಕ್ಷರದಲ್ಲೇ ಬರೆದರೆ ಓದುವಾಗ ತಡವರಿಸುವುದಿಲ್ಲ.

ಇನ್ನು ಬೈಟ್, ಅಂದರೆ ಸ್ಥಳದಲ್ಲಿರುವವರ ಮಾತು. ‘ನಿಮಗೆ ತೊಂದರೆ ಆಗ್ತಿದೆಯಾ?’ ಎಂದರೆ ಮಗು ‘ಹೌದು’ ಎಂದು ಸುಮ್ಮನಾಗುತ್ತದೆ. ‘ನಿಮ್ಮ ಕ್ಲಾಸಿನವರು ಯಾಕೆ ಕೊನೆಗೆ ಉಳೀತೀರಿ?’ ಎಂದು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ: ‘ನಮ್ಮ ಕ್ಲಾಸು ಆ ತುದೀಲಿದೆ. ಓಡಿ ಬಂದ್ರೂ ಲೇಟಾಗುತ್ತೆ. ಕೆಲವರು ಕೈ ತೊಳೀದೇ ಊಟಕ್ಕೆ ಕೂರ್ತಾರೆ.’ ಇಡೀ ವರದಿಯಲ್ಲಿ ತೂಕದ ಮಾತು ಇದೇ. ಇದನ್ನು ಗ್ರಾಂಥಿಕಕ್ಕೆ ತಿದ್ದಿ ಬಾಯಿಪಾಠ ಮಾಡಿಸಿದರೆ ಜೀವ ಹೋಗುತ್ತದೆ. ಸ್ಕ್ರಿಪ್ಟಿನಲ್ಲಿ ಪ್ರಶ್ನೆಯನ್ನಷ್ಟೇ ಬರೆದು, ಉತ್ತರದ ಜಾಗದಲ್ಲಿ ‘ಇಪ್ಪತ್ತು ಸೆಕೆಂಡ್’ ಎಂದು ಗುರುತು ಹಾಕಿದರೆ ಸಾಕು. ಕೊನೆಗೆ ಜವಾಬ್ದಾರಿ ಇರುವವರ ಮಾತೂ ಬೇಕು. ‘ಶನಿವಾರ ಪ್ಲಂಬರ್ ಬರುತ್ತಾರೆ ಎಂದು ಮುಖ್ಯ ಶಿಕ್ಷಕರು ತಿಳಿಸಿದ್ದಾರೆ’ ಎಂದು ಹೇಳಿ ವರದಿಗಾರ ಮುಗಿಸಬಹುದು.

ಹಾಳೆಯನ್ನು ಎರಡು ಭಾಗ ಮಾಡಿಕೊಳ್ಳುವುದು ಟಿವಿಯವರ ಪದ್ಧತಿ. ಎಡಗಡೆ ಯಾರು, ಎಲ್ಲಿ, ಏನು ಮಾಡುತ್ತಾರೆ; ಬಲಗಡೆ ಅವರ ಮಾತು. ಶಾಲೆಯಲ್ಲಿ ಎಡಗಡೆ ಇನ್ನೊಂದನ್ನು ಸೇರಿಸಬೇಕು: ಮೈಕ್ ಯಾರ ಕೈಯಲ್ಲಿದೆ? ಒಂದೇ ಮೈಕ್ ಇರುವ ಮೈದಾನದಲ್ಲಿ ಅದು ವೇದಿಕೆಯಿಂದ ನಲ್ಲಿಕಟ್ಟೆಗೆ ಹೋಗುವಷ್ಟರಲ್ಲಿ ಬುಲೆಟಿನ್ ಸತ್ತಿರುತ್ತದೆ. ವೈರು ಅಷ್ಟು ದೂರ ಎಟಕುವುದೂ ಇಲ್ಲ. ಆದ್ದರಿಂದ ವರದಿಗಾರ ಮತ್ತು ಆ ಮಗು ವೇದಿಕೆಯ ಇನ್ನೊಂದು ಬದಿಗೆ ಮೊದಲೇ ಬಂದು ನಿಂತಿರಲಿ. ಒಡೆದ ನಲ್ಲಿಯ ತಿರುಪೊಂದನ್ನು ವರದಿಗಾರ ಎತ್ತಿ ತೋರಿಸಿದರೆ ಸ್ಥಳ ಯಾವುದೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಐದು ನಿಮಿಷದಲ್ಲಿ ಮುಖ್ಯಾಂಶ, ಇಂಥದೊಂದು ವರದಿ, ಆಟೋಟದ ಒಂದು ಸುದ್ದಿ, ಹವಾಮಾನ ಇಷ್ಟೇ ಹಿಡಿಸುತ್ತವೆ. ಒಂದು ದಿನ ಮುಂಚೆ ಗಟ್ಟಿಯಾಗಿ ಓದಿಸಿ ಸಮಯ ನೋಡಿ. ಉದ್ದವಾದರೆ ಬೇಗ ಓದಿ ಎನ್ನಬೇಡಿ, ಒಂದು ಸುದ್ದಿಯನ್ನೇ ಕೈಬಿಡಿ. ಶನಿವಾರ ಪ್ಲಂಬರ್ ಬಂದರೋ ಇಲ್ಲವೋ ಎಂಬುದನ್ನು ಮಾತ್ರ ಸೋಮವಾರದ ವಾರ್ತೆಯಲ್ಲಿ ತಪ್ಪದೆ ಹೇಳಿಸಿ.