ಕನ್ನಡದಲ್ಲಿ ‘ಅಳೋದು’ ಎಂದು ಹುಡುಕಿದರೆ ಅಳುವ ಇಮೋಜಿ ಯಾಕೆ ಸಿಗುವುದಿಲ್ಲ?

ಕೊಪ್ಪ ತಾಲೂಕಿನ ಭಂಡಿಗಡಿಯಲ್ಲಿರುವ ನನ್ನ ದೊಡ್ಡಮ್ಮ ಕಳೆದ ಮಳೆಗಾಲದಲ್ಲಿ ಒಂದು ಎಡವಟ್ಟು ಮಾಡಿಕೊಂಡರು. ಪಕ್ಕದ ಮನೆಯ ಹಿರಿಯರು ತೀರಿಕೊಂಡ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ಬಂದಿತ್ತು. ಅಳುವ ಮುಖ ಕಳಿಸೋಣ ಎಂದು ಕೀಬೋರ್ಡಿನ ಇಮೋಜಿ ಹುಡುಕಾಟದಲ್ಲಿ ‘ಅಳೋದು’ ಎಂದು ಬರೆದರು. ಏನೂ ಬರಲಿಲ್ಲ. ‘ಕಣ್ಣೀರು’ ಎಂದು ಬರೆದಾಗ ಬಂದ ಮೊದಲ ಮುಖವನ್ನೇ ಒತ್ತಿಬಿಟ್ಟರು. ಅದು 😂. ಅಳಿಸುವಷ್ಟರಲ್ಲಿ ಅರ್ಧ ಊರು ನೋಡಿಯಾಗಿತ್ತು. “ಫೋನಿಗೆ ಕನ್ನಡ ಬರಲ್ಲ ಮಾರಾಯ್ತಿ” ಎಂದರು ನನ್ನ ಹತ್ತಿರ.

ಇದೇ ಮಾತನ್ನು ನೀವೂ ಕೇಳಿರಬಹುದು. ನಿಜ ಸ್ವಲ್ಪ ಬೇರೆ. ಇಮೋಜಿ ಹುಡುಕಾಟ ಚಿತ್ರವನ್ನು ನೋಡಿ ಅರ್ಥ ಮಾಡಿಕೊಳ್ಳುವುದಿಲ್ಲ. ಪ್ರತಿ ಇಮೋಜಿಗೂ ಒಂದು ಹೆಸರು, ಜೊತೆಗೆ ಕೆಲವು ಪದಗಳನ್ನು ಮೊದಲೇ ಅಂಟಿಸಿಟ್ಟ ಪಟ್ಟಿಯೊಂದಿರುತ್ತದೆ. ನೀವು ಬರೆದ ಅಕ್ಷರಗಳು ಆ ಪದಗಳಿಗೆ ಹೊಂದಿದರೆ ಚಿತ್ರ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಯೋಜನೆ ಇಂಥ ಪಟ್ಟಿಗಳನ್ನು ಭಾಷೆವಾರು ಇಟ್ಟುಕೊಂಡಿದೆ, ಕನ್ನಡದ್ದೂ ಇದೆ. ಮೊದಲು ಇಂಗ್ಲಿಷ್ ಪದಗಳು ತಯಾರಾಗುತ್ತವೆ, ಆಮೇಲೆ ಕಂಪನಿಗಳ ಭಾಷಾ ತಜ್ಞರು ಮತ್ತು ಸ್ವಯಂಸೇವಕರು ಅವಕ್ಕೆ ಕನ್ನಡ ಸೇರಿಸುತ್ತಾರೆ. ಕೀಬೋರ್ಡ್ ಕಂಪನಿಗಳು ಇದನ್ನು ಬಳಸಬಹುದು, ತಮ್ಮದೇ ಪಟ್ಟಿಯನ್ನೂ ಮಾಡಿಕೊಳ್ಳಬಹುದು. ಹಾಗಾಗಿ ಒಂದು ಫೋನಿನಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗದೇ ಇರಬಹುದು.

ಈಗ ದೊಡ್ಡಮ್ಮನ ಪದಕ್ಕೆ ಬರೋಣ. ಪಟ್ಟಿಯಲ್ಲಿ ‘ಅಳು’ ಅಥವಾ ‘ಅಳುವ ಮುಖ’ ಎಂಬಂಥ ಗ್ರಂಥಸ್ಥ ರೂಪ ಇದೆ ಎಂದುಕೊಳ್ಳಿ. ಫೋನಿನ ಲೆಕ್ಕದಲ್ಲಿ ಅದು ಅ, ಳ, ಆಮೇಲೆ ಉಕಾರದ ಗುರುತು. ದೊಡ್ಡಮ್ಮ ಬರೆದದ್ದು ಅ, ಳ, ಆಮೇಲೆ ಓಕಾರದ ಗುರುತು. ಮೂರನೇ ಗುರುತಿನಲ್ಲೇ ದಾರಿ ಬೇರೆಯಾಯಿತು. ‘ಅಳ್ತಾ’ ಎಂದರೂ ಅದೇ ಕಥೆ, ‘ಅತ್ತಳು’ ಎಂದರೆ ಎರಡನೇ ಅಕ್ಷರಕ್ಕೇ ಸಂಬಂಧ ಕಡಿಯುತ್ತದೆ. ನಮಗೆ ಇವೆಲ್ಲ ಒಂದೇ ಕ್ರಿಯಾಪದದ ರೂಪಗಳು. ಅದು ಗೊತ್ತಿಲ್ಲದ ಹುಡುಕಾಟಕ್ಕೆ ಬೇರೆ ಬೇರೆ ಅಕ್ಷರಗಳ ಸಾಲು, ಅಷ್ಟೆ. ನಾಮಪದಕ್ಕೂ ಇದು ತಪ್ಪಿದ್ದಲ್ಲ: ‘ಮಳೆ’ ಪಟ್ಟಿಯಲ್ಲಿದ್ದರೂ ‘ಮಳೆಗೆ’ ಎಂದರೆ ಸಿಗದಿರಬಹುದು. ‘ಛತ್ರಿ’ ಎಂದು ಮಾತ್ರ ಸೇರಿಸಿದ್ದರೆ ‘ಕೊಡೆ’ ಎನ್ನುವ ಮಲೆನಾಡಿನವರಿಗೆ ಖಾಲಿ ಕೈಯೇ.

ಹಾಗಾದರೆ ‘ಕಣ್ಣೀರು’ ಎಂದಾಗ ನಗುವ ಮುಖ ಯಾಕೆ ಬಂತು? 😂ರ ಅಧಿಕೃತ ಇಂಗ್ಲಿಷ್ ಹೆಸರಿನ ಅರ್ಥವೇ ‘ಆನಂದದ ಕಣ್ಣೀರಿನ ಮುಖ’. 😢, 😭, 😂 ಮೂರಕ್ಕೂ ಕಣ್ಣೀರಿನ ಪದ ಅಂಟಿಕೊಂಡಿದೆ. ಪಟ್ಟಿಯ ಪ್ರಕಾರ ಫೋನ್ ತಪ್ಪು ಮಾಡಲಿಲ್ಲ. ಆ ಕಣ್ಣೀರು ದುಃಖದ್ದೋ ನಗುವಿನದ್ದೋ ಎಂಬುದು ಒಂದು ಪದದಿಂದ ಅದಕ್ಕೆ ತಿಳಿಯಲಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರ ಪಾಡು ಇನ್ನೂ ತಮಾಷೆಯದು. ಇಂಗ್ಲಿಷ್ ಕೀಬೋರ್ಡಿನಲ್ಲಿ ಮಳೆಗಾಗಿ `male` ಎಂದು ಬರೆದು ನೋಡಿ: ಮೋಡದ ಬದಲು ಗಂಡಸರು ಬಂದು ನಿಲ್ಲುತ್ತಾರೆ.

ಕೆಲವೊಮ್ಮೆ ತಪ್ಪು ಪದದ್ದಲ್ಲ, ಆ ಚಿತ್ರವೇ ಇಲ್ಲ. ಭಂಡಿಗಡಿಯಂಥ ಊರಿನಲ್ಲಿ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಅಡಿಕೆಗೆ ಇಮೋಜಿ ಇಲ್ಲ. ಹಲಸಿನ ಹಣ್ಣಿಗೂ ಇಲ್ಲ. ತೆಂಗಿನಕಾಯಿ 🥥 ಬಂದದ್ದು 2017ರಲ್ಲಿ, ಹಣತೆ 🪔 ಮತ್ತು ಆಟೋ 🛺 2019ರಲ್ಲಿ. ಅಡಿಕೆ ಸಿಗಲಿಲ್ಲವೆಂದು ಇಂಗ್ಲಿಷಿನಲ್ಲಿ `nut` ಎಂದು ಹುಡುಕಿದರೆ ಕಡಲೆಕಾಯಿಯ ಜೊತೆ ಕಬ್ಬಿಣದ ನಟ್ಟು-ಬೋಲ್ಟೂ 🔩 ಬರಬಹುದು.

ತೊಂದರೆ ಎಲ್ಲಿದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಕನ್ನಡದಲ್ಲಿ ಸಿಗದದ್ದನ್ನು ಕೀಬೋರ್ಡನ್ನು ಇಂಗ್ಲಿಷಿಗೆ ಬದಲಾಯಿಸಿ ಇಂಗ್ಲಿಷ್ ಪದದಲ್ಲಿ ಹುಡುಕಿ. ಸಿಕ್ಕಿದರೆ ಚಿತ್ರ ಇದೆ, ನಿಮ್ಮ ಕನ್ನಡ ಪದ ಪಟ್ಟಿಯಲ್ಲಿ ಇಲ್ಲ ಎಂದರ್ಥ. ಅಲ್ಲಿಯೂ ಸಿಗದಿದ್ದರೆ ಬಹುಶಃ ಆ ಚಿತ್ರವೇ ಇಲ್ಲ, ಅಥವಾ ನಿಮ್ಮ ಫೋನಿಗೆ ಇನ್ನೂ ಬಂದಿಲ್ಲ. ಕನ್ನಡದಲ್ಲೇ ಹುಡುಕುವುದಾದರೆ ಪ್ರತ್ಯಯ ಬಿಟ್ಟು ಶಾಲೆಯ ಪುಸ್ತಕದ ಪದ ಬರೆಯಿರಿ: ‘ಅಳೋದು’ ಬೇಡ, ‘ಅಳು’ ಅಥವಾ ‘ದುಃಖ’.

ದೊಡ್ಡಮ್ಮನಿಗೆ ನಾನು ಬೇರೆ ದಾರಿ ಮಾಡಿಕೊಟ್ಟೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಪರ್ಸನಲ್ ಡಿಕ್ಷನರಿಯಲ್ಲಿ ಪದದ ಜಾಗಕ್ಕೆ 😢 ಹಾಕಿ, ಶಾರ್ಟ್‌ಕಟ್ ಜಾಗಕ್ಕೆ ‘ಅಳೋದು’ ಎಂದು ಬರೆದೆ. ಈಗ ಮೆಸೇಜಿನಲ್ಲಿ ಹಾಗೆ ಬರೆದರೆ ಮೇಲಿನ ಸಾಲಿನಲ್ಲಿ ಆ ಮುಖ ಬರುತ್ತದೆ. ಆದರೂ ಸಾವಿನ ಸುದ್ದಿಗೆ ಅವರೀಗ ‘ಓಂ ಶಾಂತಿ’ ಎಂದು ಅಕ್ಷರದಲ್ಲೇ ಬರೆಯುತ್ತಾರೆ.